ರಿಜೆಕ್ಟ್ ಆದಮೇಲೂ ನಿಮ್ಮ ಫೈಲ್ ಅಲ್ಲೇ ಇರುತ್ತದೆ

ಇಂಟರ್‌ವ್ಯೂ ಮುಗಿದ ವಾರ, ಹತ್ತು ದಿನಕ್ಕೆ ಒಂದು ಮೇಲ್ ಬರುತ್ತದೆ. ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ಸದ್ಯಕ್ಕೆ ಬೇರೆಯವರನ್ನು ಆರಿಸಿಕೊಂಡಿದ್ದೇವೆ, ನಿಮ್ಮ ವಿವರಗಳನ್ನು ಮುಂದಿನ ಅವಕಾಶಗಳಿಗಾಗಿ ಇಟ್ಟುಕೊಂಡಿರುತ್ತೇವೆ ಎಂದು. ಕೊನೆಯ ಆ ಮಾತನ್ನು ಯಾರೂ ನಂಬುವುದಿಲ್ಲ. ಹೆಣ್ಣು ನೋಡಿ ಹೋದವರು ‘ಜಾತಕ ಕೂಡಿಬರಲಿಲ್ಲ’ ಎಂದು ಹೇಳಿ ಕಳಿಸುತ್ತಾರಲ್ಲ, ಅಂಥದ್ದೇ ಮರ್ಯಾದೆಯ ಮಾತು ಎಂದುಕೊಂಡು ಮೇಲ್ ಅಳಿಸಿಬಿಡುತ್ತಾರೆ. ತಮಾಷೆ ಏನೆಂದರೆ, ಇಡೀ ಮೇಲ್‌ನಲ್ಲಿ ಪೂರ್ತಿ ನಿಜವಾಗಿರುವ ಮಾತು ಅದೊಂದೇ.

ಸ್ವಲ್ಪ ದೊಡ್ಡ ಕಂಪನಿ ಯಾವುದೇ ಇರಲಿ, ಅರ್ಜಿಗಳನ್ನು ಸಂಭಾಳಿಸಲು ಒಂದು ತಂತ್ರಾಂಶ ಇಟ್ಟುಕೊಂಡಿರುತ್ತದೆ. ವರ್ಕ್‌ಡೇ, ಗ್ರೀನ್‌ಹೌಸ್, ಝೋಹೊ ರಿಕ್ರೂಟ್ ಹೀಗೆ ಹೆಸರು ಬೇರೆ ಬೇರೆ, ಕೆಲಸ ಒಂದೇ. ಒಮ್ಮೆ ಅರ್ಜಿ ಹಾಕಿದವರ ಹೆಸರಲ್ಲಿ ಅಲ್ಲೊಂದು ಫೈಲ್ ತೆರೆದುಕೊಳ್ಳುತ್ತದೆ. ಅವತ್ತು ಕೊಟ್ಟ ರೆಸ್ಯೂಮೆ, ಯಾವ ಹುದ್ದೆಗೆ, ಯಾವ ರೌಂಡ್‌ವರೆಗೆ ಬಂದಿರಿ, ಸಂಬಳ ಎಷ್ಟು ಕೇಳಿದಿರಿ, ನೋಟಿಸ್ ಪೀರಿಯಡ್ ಎಷ್ಟು ಹೇಳಿದಿರಿ, ಇಂಟರ್‌ವ್ಯೂ ಮಾಡಿದವರು ಏನು ಬರೆದರು, ಎಲ್ಲವೂ ಅದರಲ್ಲಿ ಇರುತ್ತದೆ. ಜೊತೆಗೆ ‘ಯಾಕೆ ಬೇಡ’ ಎಂಬುದಕ್ಕೆ ಒಂದು ಕಾರಣ. ಎಷ್ಟೋ ಕಡೆ ಈ ಕಾರಣವನ್ನು ಪಟ್ಟಿಯಿಂದ ಆರಿಸದೆ ಫೈಲ್ ಮುಚ್ಚಲು ತಂತ್ರಾಂಶ ಬಿಡುವುದೇ ಇಲ್ಲ. ಆರು ತಿಂಗಳು ಬಿಟ್ಟು ನೀವು ಮತ್ತೆ ಬರೆದಾಗ ರಿಕ್ರೂಟರ್ ಹುಡುಕಿ ತೆಗೆಯುವುದು ಈ ಫೈಲನ್ನೇ, ಮೊದಲು ಓದುವುದು ಆ ಕಾರಣವನ್ನೇ.

ಹೀಗಿರುವಾಗ ಹಳೆಯ ರಿಕ್ರೂಟರ್‌ಗೆ ಮತ್ತೆ ಬರೆಯುವವರು ಮಾಡಬೇಕಾದ್ದು ಇಷ್ಟೇ: ಫೈಲಿನಲ್ಲಿರುವ ಆ ಒಂದು ಸಾಲಿಗೆ ಉತ್ತರ ಕೊಡಬೇಕು, ಆ ಉತ್ತರವನ್ನು ಈಗ ಖಾಲಿ ಇರುವ ಒಂದು ಹುದ್ದೆಗೆ ಕಟ್ಟಬೇಕು. ಹೇಳುವುದು ಸುಲಭ. ಆದರೆ ಬರುವ ಮೇಲ್‌ಗಳಲ್ಲಿ ಹೆಚ್ಚಿನವು ‘ನಮಸ್ತೆ ಮೇಡಂ, ಹೇಗಿದ್ದೀರಿ, ಯಾವುದಾದರೂ ಓಪನಿಂಗ್ ಇದ್ದರೆ ತಿಳಿಸಿ’ ಎಂಬ ಧಾಟಿಯಲ್ಲೇ ಇರುತ್ತವೆ. ಇದಕ್ಕೆ ಉತ್ತರಿಸಬೇಕಾದರೆ ರಿಕ್ರೂಟರ್ ತನ್ನ ಕೈಯಲ್ಲಿರುವ ಹದಿನೈದು ಇಪ್ಪತ್ತು ಹುದ್ದೆಗಳ ಪಟ್ಟಿ ತೆಗೆದು ನಿಮಗೆ ಯಾವುದು ಹೊಂದುತ್ತದೆ ಎಂದು ತಾನೇ ಕೂತು ನೋಡಬೇಕು. ಯಾರೂ ನೋಡುವುದಿಲ್ಲ.

ಬೆಂಗಳೂರಿನ ಐಟಿ ನೇಮಕಾತಿಯಿಂದ ಒಂದು ಪ್ರಸಂಗವನ್ನೇ ತೆಗೆದುಕೊಳ್ಳೋಣ. ಇದು ಒಬ್ಬರ ಕಥೆಯಲ್ಲ. ಇಂಥ ಹಲವರ ಅನುಭವವನ್ನು ಸೇರಿಸಿ ಕಟ್ಟಿದ ಉದಾಹರಣೆ.

ಅರಸೀಕೆರೆ ಕಡೆಯ ಹುಡುಗಿ. ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟರ್. ಬ್ಯಾಂಕ್ ಆ್ಯಪ್ ಒಂದನ್ನು ಕೈಯಿಂದಲೇ ಪರೀಕ್ಷೆ ಮಾಡುವ, ಅಂದರೆ ಮ್ಯಾನ್ಯುಯಲ್ ಟೆಸ್ಟಿಂಗ್ ಕೆಲಸ. ಕಳೆದ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡಿನ ಪ್ರಾಡಕ್ಟ್ ಕಂಪನಿಯೊಂದಕ್ಕೆ ಇಂಟರ್‌ವ್ಯೂ ಕೊಟ್ಟಳು. ಮೊದಲ ರೌಂಡ್ ಕ್ಲಿಯರ್ ಆಯಿತು. ಎರಡನೆಯದರಲ್ಲಿ ಪುಟ ತೆರೆದಾಗಲೆಲ್ಲ ಐಡಿ ಬದಲಾಗುವ ಬಟನ್ ಒಂದನ್ನು ಸೆಲೆನಿಯಂನಲ್ಲಿ ಹೇಗೆ ಹಿಡಿಯುತ್ತೀರಿ, ಕೋಡ್ ಬರೆದು ತೋರಿಸಿ ಎಂದರು. ಸಿದ್ಧಾಂತ ಗೊತ್ತಿತ್ತು, ಬೆರಳು ಓಡಲಿಲ್ಲ. ಎಪಿಐ ಪರೀಕ್ಷೆಯ ಬಗ್ಗೆ ಕೇಳಿದಾಗ ‘ಅದನ್ನು ಡೆವಲಪರ್‌ಗಳೇ ನೋಡಿಕೊಳ್ತಾರೆ’ ಎಂದಳು. ನಾಲ್ಕನೇ ದಿನ ಮೇಲೆ ಹೇಳಿದ ಮೇಲ್ ಬಂತು.

ಅವಳು ಮಾಡಿದ ಮೊದಲ ಜಾಣತನ ಅವತ್ತಿನ ಸಂಜೆಯದ್ದು. ಕೇಳಿದ ಪ್ರಶ್ನೆಗಳನ್ನೆಲ್ಲ ಮರೆಯುವ ಮುಂಚೆ ಬರೆದಿಟ್ಟಳು. ಎರಡನೆಯದು, ಮೇಲ್ ಬಂದ ಮಾರನೇ ದಿನ ರಿಕ್ರೂಟರ್‌ಗೆ ಫೋನ್ ಮಾಡಿದ್ದು. ‘ಯಾಕೆ ರಿಜೆಕ್ಟ್ ಮಾಡಿದಿರಿ’ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆಡಿದ ಮಾತು ನಾಳೆ ತಕರಾರಾಗಿ ಬಂದೀತು ಎಂಬ ಅಂಜಿಕೆ ಅವರಿಗೆ. ಅವಳು ಕೇಳಿದ್ದು ಹೀಗೆ: “ಮೇಡಂ, ಎರಡೇ ಪ್ರಶ್ನೆ. ನಾನು ಕೋಡಿಂಗ್ ಕಡೆ ಗಮನ ಕೊಡಬೇಕಾ, ಎಪಿಐ ಕಡೆನಾ? ಮತ್ತೆ ನಿಮ್ಮಲ್ಲಿ ಎಷ್ಟು ತಿಂಗಳ ಮೇಲೆ ಪುನಃ ಅಪ್ಲೈ ಮಾಡಬಹುದು?” ಆ ಕಡೆಯಿಂದ ಬಂದ ಉತ್ತರವೂ ಅಷ್ಟೇ ಚಿಕ್ಕದು: “ಎರಡೂ ನೋಡ್ಕೊಳ್ಳಿ. ಆರು ತಿಂಗಳು ಕೂಲಿಂಗ್ ಇದೆ.”

ಈ ‘ಕೂಲಿಂಗ್’ ಎಂಬುದೇ ಸಮಯದ ಲೆಕ್ಕದ ಬುಡ. ತಾಂತ್ರಿಕ ರೌಂಡ್‌ನಲ್ಲಿ ಬಿದ್ದವರನ್ನು ಇಷ್ಟು ತಿಂಗಳು ಮತ್ತೆ ಕರೆಯಬಾರದು ಎಂದು ಅನೇಕ ಕಂಪನಿಗಳು ನಿಯಮ ಇಟ್ಟುಕೊಂಡಿವೆ. ಆರು ತಿಂಗಳು ಸಾಮಾನ್ಯ, ಕೆಲವು ಕಡೆ ಒಂದು ವರ್ಷ, ಕೆಲವು ಕಡೆ ಮೂರೇ ತಿಂಗಳು. ಅವಧಿ ಮುಗಿಯದೆ ಅರ್ಜಿ ಹಾಕಿದರೆ ಎಷ್ಟೋ ಸಲ ಮನುಷ್ಯರ ಕಣ್ಣಿಗೆ ಬೀಳುವ ಮುಂಚೆಯೇ ಅದು ತಿರಸ್ಕೃತವಾಗುತ್ತದೆ. ಮೂರು ತಿಂಗಳಿಗೇ ಅವಸರಪಟ್ಟು ಬರೆದು, ಉತ್ತರ ಬರಲಿಲ್ಲವೆಂದು ಆರನೇ ತಿಂಗಳಲ್ಲಿ ಸುಮ್ಮನಾಗುವವರು ಬೇಕಾದಷ್ಟಿದ್ದಾರೆ. ಬರೆಯಬೇಕಾದ ಹೊತ್ತು ಬಂದಾಗ ಅವರ ಉತ್ಸಾಹ ಮುಗಿದಿರುತ್ತದೆ.

ಆದರೆ ಎಲ್ಲ ನಿರಾಕರಣೆಗೂ ಈ ಕಾಯುವಿಕೆ ಬೇಕಿಲ್ಲ. ಎಲ್ಲ ರೌಂಡ್ ಮುಗಿಸಿದಮೇಲೆ ಹುದ್ದೆಯೇ ನಿಂತುಹೋಯಿತು ಅಥವಾ ಇಬ್ಬರಲ್ಲಿ ಇನ್ನೊಬ್ಬರಿಗೆ ಆಫರ್ ಹೋಯಿತು ಎಂದಾದರೆ ನೀವು ಬಿದ್ದವರಲ್ಲ, ಎರಡನೆಯವರು. ಅಂಥವರು ಎರಡು ಮೂರು ತಿಂಗಳಿಗೇ ಧಾರಾಳವಾಗಿ ಬರೆಯಬಹುದು. ಇದಕ್ಕೆ ನಮ್ಮ ಐಟಿ ಲೋಕದ್ದೇ ಆದ ಒಂದು ಕಾರಣ ಇದೆ. ಇಲ್ಲಿ ಬಹಳ ಕಡೆ ನೋಟಿಸ್ ಪೀರಿಯಡ್ 60 ಅಥವಾ 90 ದಿನ. ಆಫರ್ ತೆಗೆದುಕೊಂಡವರು ಆ ಮೂರು ತಿಂಗಳು ಸುಮ್ಮನೆ ಕೂರುವುದಿಲ್ಲ; ಅದೇ ಆಫರ್ ತೋರಿಸಿ ಇನ್ನೊಂದು ಕಡೆ ಹೆಚ್ಚಿಗೆ ಕೇಳುತ್ತಾರೆ. ಜಾಯಿನ್ ಆಗಬೇಕಾದ ದಿನ ಫೋನ್ ಎತ್ತುವುದಿಲ್ಲ. ನಿಮ್ಮನ್ನು ಹಿಂದೆ ಹಾಕಿ ಆಯ್ಕೆಯಾದವರು ಬರಲೇ ಇಲ್ಲ ಎಂಬುದು ರಿಕ್ರೂಟರ್‌ಗೆ ಗೊತ್ತಾಗುವುದು ಸುಮಾರು ಎರಡೂವರೆ, ಮೂರು ತಿಂಗಳಿಗೆ. ಅದೇ ಹುದ್ದೆ ಕಂಪನಿಯ ಕೆರಿಯರ್ಸ್ ಪುಟದಲ್ಲಿ ಹೊಸ ತಾರೀಖಿನೊಂದಿಗೆ ಮತ್ತೆ ಕಾಣಿಸಿಕೊಂಡರೆ ಏನಾಗಿದೆ ಎಂದು ಊಹಿಸುವುದು ಕಷ್ಟವಲ್ಲ. ಆ ವಾರ ಬರುವ ನಿಮ್ಮ ಮೇಲ್ ಅವರಿಗೆ ಉಪದ್ರವವಲ್ಲ, ಉಪಕಾರ.

ಸಂಬಳದ ಕಾರಣಕ್ಕೆ ಮುರಿದುಬಿದ್ದದ್ದು ಬೇರೆ ಜಾತಿ. ಅಲ್ಲಿ ಹೊಸ ವಿದ್ಯೆ ಕಲಿತೆ ಎಂದರೆ ಉಪಯೋಗವಿಲ್ಲ. ಮೇಲಿನ ದರ್ಜೆಯ ಹುದ್ದೆ ಬಂದಿದೆಯೇ ನೋಡಿ ಅದರ ಹೆಸರೆತ್ತಬೇಕು, ಇಲ್ಲವೇ ನಿಮ್ಮ ನಿರೀಕ್ಷೆ ಇಳಿದಿದೆ ಎಂದು ನೇರ ಹೇಳಬೇಕು. ಇನ್ನು ಸುಳ್ಳು ಅನುಭವ ತೋರಿಸಿ ಸಿಕ್ಕಿಬಿದ್ದವರು, ಆಫರ್ ಒಪ್ಪಿ ಹೇಳದೆ ಕೇಳದೆ ಕೈಕೊಟ್ಟವರು ಎಷ್ಟು ಚೆಂದದ ಮೇಲ್ ಬರೆದರೂ ಪ್ರಯೋಜನ ಕಡಿಮೆ. ಆ ಗುರುತು ಫೈಲ್‌ನಿಂದ ಸುಲಭಕ್ಕೆ ಹೋಗುವುದಿಲ್ಲ.

ನಮ್ಮ ಹುಡುಗಿಯದು ತಾಂತ್ರಿಕ ಕಾರಣ. ಆರು ತಿಂಗಳು ಸಿಕ್ಕಿತು. ಅದನ್ನು ಅವಳು ಹೇಗೆ ಬಳಸಿಕೊಂಡಳು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಜನ ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲ ಎರಡು ತಿಂಗಳು ಶನಿವಾರ ಭಾನುವಾರ ಕೂತು ಜಾವಾ ಮತ್ತು ಸೆಲೆನಿಯಂ ಕಲಿತಳು. ಕೋರ್ಸ್ ಮುಗಿದು ಸರ್ಟಿಫಿಕೇಟ್ ಬಂತು. ಬಹುಪಾಲು ಜನ ಇಲ್ಲಿಗೇ ನಿಲ್ಲಿಸಿ ಮೇಲ್ ಬರೆಯಲು ಹೊರಡುತ್ತಾರೆ. ಆದರೆ ಫೈಲಿನಲ್ಲಿ ಬಹುಶಃ ಏನಿದ್ದೀತು? ‘ಸೆಲೆನಿಯಂ ಗೊತ್ತಿಲ್ಲ’ ಎಂದಲ್ಲ, ‘ಕೈಯಲ್ಲಿ ಮಾಡಿಲ್ಲ’ ಎಂದು. ಸರ್ಟಿಫಿಕೇಟ್ ಆ ಮಾತಿಗೆ ಉತ್ತರವಾಗುವುದಿಲ್ಲ. ಅದಕ್ಕೇ ಅವಳು ತನ್ನ ಟೀಮ್ ಲೀಡ್ ಬಳಿ ಹೋದಳು. ಅವರ ತಂಡದಲ್ಲಿ ಪ್ರತಿ ರಿಲೀಸ್‌ಗೂ 320 ಪರೀಕ್ಷೆಗಳನ್ನು ಇಬ್ಬರು ಕೂತು ಮೂರು ದಿನ ಕೈಯಿಂದ ಓಡಿಸುತ್ತಿದ್ದರು. ಅದರಲ್ಲಿ ಹೆಚ್ಚು ಬದಲಾಗದ ಭಾಗಗಳನ್ನು ನಾನು ಆಟೊಮೇಟ್ ಮಾಡುತ್ತೇನೆ, ನನ್ನ ಮಾಮೂಲಿ ಕೆಲಸಕ್ಕೆ ತೊಂದರೆಯಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದಳು. ಲೀಡ್‌ಗೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಮಾರ್ಚ್ ಹೊತ್ತಿಗೆ 140 ಪರೀಕ್ಷೆಗಳು ರಾತ್ರಿ ತಾವಾಗಿಯೇ ಜೆಂಕಿನ್ಸ್‌ನಲ್ಲಿ ಓಡಿ ಬೆಳಗ್ಗೆ ವರದಿ ಕೊಡುತ್ತಿದ್ದವು. ಮೂರು ದಿನದ ಕೆಲಸ ಒಂದೂವರೆ ದಿನಕ್ಕೆ ಬಂತು. ಎಪಿಐ ಕಡೆಯಿಂದ ರೆಸ್ಟ್ ಅಶ್ಯೂರ್ಡ್ ಬಳಸಿ ಇಪ್ಪತ್ತೈದರಷ್ಟು ಪರೀಕ್ಷೆ ಬರೆದಳು.

ಈಗ ಅವಳ ಕೈಯಲ್ಲಿ ಸಂಬಳ ಕೊಡುವ ಕೆಲಸದಲ್ಲೇ ಮಾಡಿದ, ಅಳೆದು ಹೇಳಬಹುದಾದ ಸಂಗತಿಯೊಂದಿದೆ. ಇದು ಯಾಕೆ ಮುಖ್ಯ ಅಂದರೆ, ರಿಕ್ರೂಟರ್ ಸಾಮಾನ್ಯವಾಗಿ ಟೆಸ್ಟಿಂಗ್ ಬಲ್ಲವರಲ್ಲ. ನಿಮ್ಮ ಮೇಲ್ ಓದಿ ಅವರು ತೀರ್ಮಾನ ಮಾಡುವುದಿಲ್ಲ. ಹೈರಿಂಗ್ ಮ್ಯಾನೇಜರ್‌ಗೆ ಒಂದು ಸಾಲು ಬರೆದು ಕೇಳುತ್ತಾರೆ. ‘ಕಳೆದ ಸಲ ಆಟೊಮೇಷನ್‌ನಲ್ಲಿ ಬಿಟ್ಟಿದ್ದೆವಲ್ಲ, ಆಮೇಲೆ ಪ್ರಾಜೆಕ್ಟ್‌ನಲ್ಲೇ 140 ಕೇಸ್ ಆಟೊಮೇಟ್ ಮಾಡಿದ್ದಾರೆ, ಇನ್ನೊಮ್ಮೆ ನೋಡುತ್ತೀರಾ’ ಎಂದು ಬರೆಯಲು ಬರುತ್ತದೆ. ‘ಆನ್‌ಲೈನ್ ಕೋರ್ಸ್ ಮುಗಿಸಿದ್ದಾರೆ’ ಎಂದು ಬರೆದರೆ ಮ್ಯಾನೇಜರ್ ಓದಿ ಮುಂದಕ್ಕೆ ಹೋಗುತ್ತಾರೆ. ನಿಮ್ಮ ಕೆಲಸದಲ್ಲಿ ಅಂಥ ಅವಕಾಶವೇ ಇಲ್ಲದಿದ್ದರೆ ಸ್ವಂತ ಪ್ರಾಜೆಕ್ಟ್ ಮಾಡಿ ತೋರಿಸುವುದು ಎರಡನೇ ದಾರಿ. ಅದು ಸರ್ಟಿಫಿಕೇಟ್‌ಗಿಂತ ಮೇಲು, ಕೆಲಸದ ಅನುಭವಕ್ಕಿಂತ ಕೆಳಗೆ. ಹೇಳುವಾಗಲೂ ಅದನ್ನು ಸ್ವಂತ ಪ್ರಾಜೆಕ್ಟ್ ಎಂದೇ ಹೇಳಬೇಕು.

ಇಲ್ಲಿ ಒಂದು ಅಪಾಯವಿದೆ, ಹೇಳದೆ ಮುಂದೆ ಹೋಗಲಾರೆ. ಪುರಾವೆ ತೋರಿಸುವ ಉಮೇದಿನಲ್ಲಿ ಕೆಲವರು ಆಫೀಸಿನಲ್ಲಿ ಬರೆದ ಕೋಡನ್ನೇ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಡುತ್ತಾರೆ. ಅದು ಕಂಪನಿಯ ಸ್ವತ್ತು, ಕ್ಲೈಂಟ್ ಬ್ಯಾಂಕ್ ಆಗಿದ್ದರಂತೂ ಹೇಳುವುದೇ ಬೇಡ. ಇರುವ ಕೆಲಸ ಹೋದೀತು; ಹೊಸ ಕಂಪನಿಯವರೂ ‘ನಾಳೆ ನಮ್ಮದನ್ನೂ ಹೀಗೇ ಹಾಕಿಯಾರು’ ಎಂದೇ ಯೋಚಿಸುತ್ತಾರೆ. ನಮ್ಮ ಹುಡುಗಿ ಅಭ್ಯಾಸಕ್ಕೆಂದೇ ಇರುವ ಡೆಮೊ ಜಾಲತಾಣವೊಂದರ ಮೇಲೆ ಅದೇ ಚೌಕಟ್ಟಿನ ಚಿಕ್ಕ ಮಾದರಿ ಬರೆದು ಹಾಕಿದಳು. ಐಡಿ ಬದಲಾಗುವ ಬಟನ್‌ನ ಪ್ರಸಂಗವೂ ಅದರಲ್ಲಿತ್ತು.

ಕಲಿತದ್ದು ರೆಸ್ಯೂಮೆಯಲ್ಲಿ ಯಾವ ಹೆಸರಿನಿಂದ ಕೂತಿದೆ ಎಂಬುದೂ ಮುಖ್ಯ. ರಿಕ್ರೂಟರ್‌ಗಳು ನೌಕ್ರಿಯಲ್ಲಾಗಲಿ ತಮ್ಮದೇ ತಂತ್ರಾಂಶದಲ್ಲಾಗಲಿ ಹುಡುಕುವುದು ಹೆಚ್ಚುಕಡಿಮೆ ಹೀಗೆ:

```
Selenium AND Java AND ("REST Assured" OR Postman)
```

‘ಆಧುನಿಕ ಆಟೊಮೇಷನ್ ಉಪಕರಣಗಳಲ್ಲಿ ಪರಿಣತಿ’ ಎಂದು ಚೆಂದವಾಗಿ ಬರೆದುಕೊಂಡರೆ ಈ ಬಲೆಗೆ ನೀವು ಬೀಳುವುದೇ ಇಲ್ಲ. ಉಪಕರಣದ ಹೆಸರು ಇದ್ದ ಹಾಗೇ ಇರಬೇಕು, ಅದನ್ನು ಬಳಸಿದ ಕೆಲಸದ ವಾಕ್ಯದ ಒಳಗೇ ಇರಬೇಕು. ಮೇಲ್ ಕಳಿಸುವ ಮುಂಚೆ ನೌಕ್ರಿ ಪ್ರೊಫೈಲನ್ನೂ ಹೊಸದು ಮಾಡಿಟ್ಟಿರಿ. ಇತ್ತೀಚೆಗೆ ಸಕ್ರಿಯರಾಗಿರುವವರನ್ನು ಮಾತ್ರ ತೋರಿಸು, ಇಷ್ಟು ದಿನದೊಳಗೆ ಸೇರಬಲ್ಲವರನ್ನು ಮಾತ್ರ ತೋರಿಸು ಎಂದು ಸೋಸುವ ಸೌಲಭ್ಯ ರಿಕ್ರೂಟರ್‌ಗಳಿಗೆ ಅಲ್ಲಿದೆ. ನಿಮ್ಮ ಮೇಲ್ ನೋಡಿ ಅಲ್ಲಿ ಹೆಸರು ಹುಡುಕಿದವರಿಗೆ ಎರಡು ವರ್ಷ ಹಳೆಯ ಪ್ರೊಫೈಲ್ ಸಿಕ್ಕರೆ ಅರ್ಧ ಕೆಲಸ ಕೆಟ್ಟಂತೆ.

ಮಾರ್ಚ್ ಕೊನೆಯ ವಾರ. ಸೆಪ್ಟೆಂಬರ್‌ನಿಂದ ಲೆಕ್ಕ ಹಾಕಿದರೆ ಆರು ತಿಂಗಳು ಕಳೆದಿತ್ತು. ಕಂಪನಿಯ ಕೆರಿಯರ್ಸ್ ಪುಟದಲ್ಲಿ ಎರಡು ಟೆಸ್ಟಿಂಗ್ ಹುದ್ದೆಗಳಿದ್ದವು. ಒಂದಕ್ಕೆ ಎಂಟು ವರ್ಷದ ಅನುಭವ ಬೇಕು. ಅದು ಲೀಡ್ ಹುದ್ದೆ. ಇನ್ನೊಂದಕ್ಕೆ ನಾಲ್ಕರಿಂದ ಆರು ವರ್ಷ, ಸೆಲೆನಿಯಂ ಜಾವಾ ಕಡ್ಡಾಯ, ಎಪಿಐ ಪರೀಕ್ಷೆ ಕಡ್ಡಾಯ, ಪರ್ಫಾರ್ಮೆನ್ಸ್ ಟೆಸ್ಟಿಂಗ್ ಇದ್ದರೆ ಒಳ್ಳೆಯದು. ಎರಡೂ ಕಡ್ಡಾಯ ಈಗ ಅವಳ ಬಳಿ ಇವೆ, ಮೂರನೆಯದು ಇಲ್ಲ. ಇಷ್ಟು ಸಾಕು. ಪ್ರತಿ ಹುದ್ದೆಗೂ ಪುಟದಲ್ಲಿ ಒಂದು ನಂಬರ್ ಇರುತ್ತದೆ; ಅದನ್ನು ಬರೆದುಕೊಂಡಳು. ಹುದ್ದೆ ಹಾಕಿದ ತಾರೀಖೂ ನೋಡಿದಳು: ಹತ್ತು ಹನ್ನೆರಡು ದಿನ ಹಿಂದಿನದು. ಎರಡು ತಿಂಗಳ ಹಿಂದಿನದಾಗಿದ್ದರೆ ಆಫರ್ ಆಗಲೇ ಹೋಗಿದ್ದು, ಪುಟದಿಂದ ತೆಗೆಯುವುದಷ್ಟೇ ಬಾಕಿ ಇರುವ ಸಾಧ್ಯತೆ ಹೆಚ್ಚು.

ತಿಂಗಳೂ ಅನುಕೂಲದ್ದೇ. ಹಣಕಾಸು ವರ್ಷ ಏಪ್ರಿಲ್‌ಗೆ ಶುರುವಾಗುವ ಕಂಪನಿಗಳಲ್ಲಿ ಹೊಸ ಹುದ್ದೆಗಳಿಗೆ ದುಡ್ಡು ಮಂಜೂರಾಗುವುದು ಆಗ. ಇನ್‌ಕ್ರಿಮೆಂಟ್ ಬೇಸರದಿಂದ ಪೇಪರ್ ಹಾಕುವವರ ಜಾಗ ಖಾಲಿಯಾಗುವುದೂ ಅದರ ಹಿಂದೆಯೇ. ಅಮೆರಿಕದ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲಿ ಎಷ್ಟೋ ಕಡೆ ಈ ಚಕ್ರ ಜನವರಿಗೆ ತಿರುಗುತ್ತದೆ. ಡಿಸೆಂಬರ್ ಕೊನೆಯ ವಾರ ಯಾರಿಗೂ ಬರೆಯಬೇಡಿ, ಓದುವವರು ರಜೆಯಲ್ಲಿರುತ್ತಾರೆ.

ಅವಳು ಹೊಸ ಮೇಲ್ ಬರೆಯಲಿಲ್ಲ. ಸೆಪ್ಟೆಂಬರ್‌ನ ಹಳೆಯ ಮೇಲ್‌ಗೇ ‘ರಿಪ್ಲೈ’ ಒತ್ತಿದಳು. ಇದರಿಂದ ಅವತ್ತಿನ ಮಾತುಕತೆಯೆಲ್ಲ ಕೆಳಗೇ ಇರುತ್ತದೆ. ‘ಇವರು ಯಾರು’ ಎಂದು ರಿಕ್ರೂಟರ್ ತಲೆ ಕೆರೆದುಕೊಳ್ಳಬೇಕಿಲ್ಲ. ವಿಷಯದ ಸಾಲಿನಲ್ಲಿ ತನ್ನ ಹೆಸರು, ಹುದ್ದೆಯ ಹೆಸರು, ನಂಬರ್ ಮಾತ್ರ ಸೇರಿಸಿದಳು. ಮೇಲ್ ಇಂಗ್ಲಿಷಿನದ್ದು, ಅದರ ಒಳಗಿನ ಮಾತು ಇಷ್ಟು:

‘ನಮಸ್ತೆ. ಕಳೆದ ಸೆಪ್ಟೆಂಬರ್‌ನಲ್ಲಿ ನಿಮ್ಮಲ್ಲಿ ಟೆಸ್ಟ್ ಎಂಜಿನಿಯರ್ ಹುದ್ದೆಗೆ ಇಂಟರ್‌ವ್ಯೂ ಕೊಟ್ಟಿದ್ದೆ. ಎರಡನೇ ತಾಂತ್ರಿಕ ರೌಂಡ್‌ವರೆಗೆ ಬಂದಿದ್ದೆ. ಆಗ ಆಟೊಮೇಷನ್ ಮತ್ತು ಎಪಿಐ ಪರೀಕ್ಷೆಯಲ್ಲಿ ನನಗೆ ಕೈಯಲ್ಲಿ ಮಾಡಿದ ಅನುಭವ ಇರಲಿಲ್ಲ. ಆ ನಂತರ ಈಗಿನ ಪ್ರಾಜೆಕ್ಟ್‌ನಲ್ಲಿ 320 ರಿಗ್ರೆಷನ್ ಕೇಸ್‌ಗಳಲ್ಲಿ 140ನ್ನು ಸೆಲೆನಿಯಂ ಮತ್ತು ಜಾವಾದಲ್ಲಿ ಆಟೊಮೇಟ್ ಮಾಡಿದ್ದೇನೆ. ಮೂರು ದಿನದ ಸುತ್ತು ಒಂದೂವರೆ ದಿನಕ್ಕೆ ಇಳಿದಿದೆ. ಎಪಿಐ ಪರೀಕ್ಷೆಗಳನ್ನು ರೆಸ್ಟ್ ಅಶ್ಯೂರ್ಡ್‌ನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪುಟದಲ್ಲಿರುವ ಈ ನಂಬರಿನ ಹುದ್ದೆಗೆ ನನ್ನನ್ನು ಪರಿಗಣಿಸಬಹುದೇ? ಆರು ತಿಂಗಳ ಅವಧಿ ಮುಗಿದಿದೆ. ನೋಟಿಸ್ 90 ದಿನ. 60ಕ್ಕೆ ಇಳಿಸಲು ನಮ್ಮಲ್ಲಿ ಅವಕಾಶವಿದೆ. ಹೊಸ ರೆಸ್ಯೂಮೆ ಜೊತೆಗಿದೆ.’

ಇದರಲ್ಲಿ ನನಗೆ ಹಿಡಿಸುವುದು ಮೂರನೇ ವಾಕ್ಯ. ಕೊರತೆಯನ್ನು ತಾನೇ ಹೆಸರಿಟ್ಟು ಹೇಳಿದ್ದಾಳೆ. ಇದಕ್ಕೆ ಹೆದರುವವರು ಬಹಳ. ಅವರಾಗಿಯೇ ಮರೆತಿರುವುದನ್ನು ನಾವೇಕೆ ನೆನಪಿಸುವುದು ಎನ್ನುತ್ತಾರೆ. ಅವರು ಮರೆತಿರಬಹುದು, ಫೈಲ್ ಮರೆತಿಲ್ಲ. ಹೆಸರು ಹುಡುಕಿದ ತಕ್ಷಣ ಅದೇ ಸಾಲು ಎದುರಿಗೆ ಬರುತ್ತದೆ. ನಿಮ್ಮ ಮೇಲ್‌ನಲ್ಲಿ ಆ ಸಾಲಿಗೆ ಉತ್ತರ ಇದ್ದರೆ ಎರಡೂ ಒಂದಕ್ಕೊಂದು ಕೂಡುತ್ತವೆ, ಇಲ್ಲದಿದ್ದರೆ ಫೈಲಿನ ಮಾತೇ ಕೊನೆಯ ಮಾತಾಗುತ್ತದೆ. ಇನ್ನೊಂದು, ‘ನನಗೆ ಅನ್ಯಾಯವಾಯಿತು’, ‘ಅವತ್ತು ಆರೋಗ್ಯ ಸರಿ ಇರಲಿಲ್ಲ’ ಎಂಬ ಒಂದು ಮಾತೂ ಇದರಲ್ಲಿಲ್ಲ.

ಮೇಲ್ ಕಳಿಸಿದಮೇಲೆ ಕೆರಿಯರ್ಸ್ ಪುಟದಲ್ಲಿ ಅರ್ಜಿಯನ್ನೂ ಹಾಕಬೇಕೇ? ನನ್ನ ಅಭಿಪ್ರಾಯದಲ್ಲಿ ಎರಡು ಮೂರು ದಿನ ಕಾದು ಹಾಕುವುದು ಸರಿ. ಕಾರಣ ಇಷ್ಟೇ: ಆ ಕಂಪನಿಯಲ್ಲಿ ನಿಮ್ಮನ್ನು ರೆಫರ್ ಮಾಡುವ ಗೆಳೆಯರಿದ್ದರೆ, ನೀವಾಗಿಯೇ ಅರ್ಜಿ ಹಾಕಿದಮೇಲೆ ಅವರ ರೆಫರಲ್ ಅನೇಕ ಕಡೆ ಊರ್ಜಿತವಾಗುವುದಿಲ್ಲ. ಅವರಿಗೆ ಮೊದಲು ಹೇಳಿ, ಅವರ ಕಡೆಯಿಂದ ಹೋಗಲಿ. ಯಾರೂ ಇಲ್ಲದಿದ್ದರೆ ನೇರ ಹಾಕಿ.

ಅರ್ಜಿ ಹಾಕುವಾಗ ಹಳೆಯ ಖಾತೆಯನ್ನೇ ಬಳಸಿ. ಹಳೆಯ ರಿಜೆಕ್ಟ್ ಕಾಣಬಾರದೆಂದು ಹೊಸ ಇಮೇಲ್, ಮನೆಯವರ ಫೋನ್ ನಂಬರ್ ಕೊಟ್ಟು ಹೊಸ ಖಾತೆ ತೆರೆಯುವವರಿದ್ದಾರೆ. ಹೆಸರು, ಹುಟ್ಟಿದ ದಿನ, ಕೆಲವು ಕಡೆ ಪ್ಯಾನ್ ನಂಬರ್ ನೋಡಿ ತಂತ್ರಾಂಶ ಎರಡನ್ನೂ ಒಂದೇ ಎಂದು ಹಿಡಿಯುತ್ತದೆ. ಆಗ ಟೆಸ್ಟಿಂಗ್ ಬರಲಿಲ್ಲ ಎಂಬ ಸಾಧಾರಣ ಕಾರಣದ ಪಕ್ಕದಲ್ಲಿ ಮುಚ್ಚಿಡುವವರು ಎಂಬ ಅನುಮಾನವೂ ಕೂರುತ್ತದೆ. ಹಾಗೆಯೇ ಹೊಸ ರೆಸ್ಯೂಮೆಯ ತಾರೀಖುಗಳು ಹಳೆಯದಕ್ಕೆ ಹೊಂದಬೇಕು. ಹಳೆಯ ಕಂಪನಿಯಲ್ಲಿದ್ದ ಆರು ತಿಂಗಳ ಬಿಡುವು ಈ ಸಲ ಮಾಯವಾಗಿದ್ದರೆ, ಎರಡೂ ಪ್ರತಿ ಒಂದೇ ಫೈಲಿನಲ್ಲಿವೆ ಎಂಬುದು ನೆನಪಿರಲಿ. ಆಮೇಲೆ ನಡೆಯುವ ಪರಿಶೀಲನೆಯಲ್ಲಿ ಭವಿಷ್ಯ ನಿಧಿಯ ಯುಎಎನ್ ದಾಖಲೆ ನೋಡುವ ರೂಢಿ ಈಗ ಸಾಮಾನ್ಯ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಲ್ಲಿದ್ದಿರಿ ಎಂಬುದು ಅಲ್ಲಿ ಬಯಲಾಗುತ್ತದೆ.

ಇನ್ನೊಂದು ತೊಡಕು ಕನ್ಸಲ್ಟೆನ್ಸಿಯದ್ದು. ಮೊದಲ ಸಲ ನಿಮ್ಮನ್ನು ಕಂಪನಿಗೆ ಕಳಿಸಿದ್ದು ಹೊರಗಿನ ಕನ್ಸಲ್ಟೆನ್ಸಿಯವರಾಗಿದ್ದರೆ, ನೀವು ಇಂತಿಷ್ಟು ಕಾಲ ‘ಅವರ ಕ್ಯಾಂಡಿಡೇಟ್’. ಒಪ್ಪಂದದ ಪ್ರಕಾರ ಇದು ಆರು ತಿಂಗಳೋ ಒಂದು ವರ್ಷವೋ ಇರುತ್ತದೆ. ಆ ಅವಧಿಯೊಳಗೆ ನೀವು ನೇರವಾಗಿ ಸೇರಿದರೂ ಕಂಪನಿ ಅವರಿಗೆ ಕಮಿಷನ್ ಕೊಡಬೇಕಾಗಬಹುದು. ಅದಕ್ಕೇ ಕೆಲವೊಮ್ಮೆ ಕಂಪನಿಯ ರಿಕ್ರೂಟರ್ ಆಸಕ್ತಿ ತೋರಿಸಿ ಆಮೇಲೆ ತಣ್ಣಗಾಗುವುದು. ಇಂಥಲ್ಲಿ ಮೊದಲು ಬರೆಯಬೇಕಾದದ್ದು ಆ ಕನ್ಸಲ್ಟೆನ್ಸಿಗೇ: ನನ್ನ ಪ್ರೊಫೈಲ್ ಯಾವತ್ತು ಕಳಿಸಿದಿರಿ, ಅವಧಿ ಯಾವಾಗ ಮುಗಿಯುತ್ತದೆ ಎಂದು. ಒಂದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಗಳಿಗೆ ಒಪ್ಪಿಗೆ ಕೊಡಲೇಬೇಡಿ. ಯಾರು ಮೊದಲು ಕಳಿಸಿದರು ಎಂಬ ಜಗಳದಲ್ಲಿ ಕಂಪನಿ ಇಬ್ಬರ ಕ್ಯಾಂಡಿಡೇಟನ್ನೂ ಕೈಬಿಡುವುದುಂಟು. ಹಳೆಯ ರಿಜೆಕ್ಟ್ ತೆಗೆಸಿಕೊಡುತ್ತೇವೆ ಎಂದು ದುಡ್ಡು ಕೇಳಿದರಂತೂ ಅದು ಕನ್ಸಲ್ಟೆನ್ಸಿಯಲ್ಲ, ಮೋಸ.

ಉತ್ತರ ಬಾರದಿದ್ದರೆ? ಏಳರಿಂದ ಹತ್ತು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಎರಡು ಸಾಲು, ಹುದ್ದೆ ಇನ್ನೂ ತೆರೆದಿದೆಯೇ ಎಂದು. ಅದಕ್ಕೂ ಮೌನವಾದರೆ ಆ ಹುದ್ದೆಯ ಮಟ್ಟಿಗೆ ಅಲ್ಲಿಗೆ ನಿಲ್ಲಿಸಬೇಕು. ಮೂರನೆಯದು, ನಾಲ್ಕನೆಯದು, ವಾಟ್ಸ್ಆ್ಯಪ್‌ನಲ್ಲಿ ‘ಗುಡ್ ಮಾರ್ನಿಂಗ್’ ಹೂವಿನ ಚಿತ್ರ, ಇವು ಯಾವುವೂ ಮೊದಲ ಮೇಲ್ ಮಾಡದ ಕೆಲಸ ಮಾಡಲಾರವು. ಆದರೆ ಮೌನಕ್ಕೆ ಇನ್ನೊಂದು ಕಾರಣವೂ ಇರಬಹುದು: ಆ ರಿಕ್ರೂಟರೇ ಕೆಲಸ ಬಿಟ್ಟಿರಬಹುದು. ಅವರಲ್ಲಿ ಅನೇಕರು ಗುತ್ತಿಗೆಯ ಮೇಲೆ ಇರುವವರು, ಆರು ತಿಂಗಳಲ್ಲಿ ಮೇಜು ಬದಲಾಗುವುದು ಮಾಮೂಲು. ಹಳೆಯ ಮೇಲ್‌ಗಳಲ್ಲಿ ಪ್ರತಿ ಹೋಗಿದ್ದ ಬೇರೆ ವಿಳಾಸ ಇದೆಯೇ ನೋಡಿ. ಇಂಟರ್‌ವ್ಯೂ ಸಮಯ ಗೊತ್ತುಮಾಡಿದವರದ್ದು ಇದ್ದೇ ಇರುತ್ತದೆ. ಅವರಿಗೆ ಅದೇ ಮೇಲ್ ಕಳಿಸಿ, ಈಗ ಈ ಹುದ್ದೆ ಯಾರು ನೋಡುತ್ತಾರೆ ಎಂದು ಕೇಳಿ. ಕೆಲಸ ಬಿಟ್ಟ ರಿಕ್ರೂಟರನ್ನೂ ಬಿಡಬೇಡಿ. ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಅವರು ಇನ್ನೊಂದು ಕಂಪನಿಯಲ್ಲಿ ಟೆಸ್ಟರ್‌ಗಳನ್ನೇ ಹುಡುಕುತ್ತಿರಬಹುದು, ಅಲ್ಲಿ ನಿಮಗೆ ಹಳೆಯ ಫೈಲಿನ ಭಾರವೂ ಇಲ್ಲ.

ನಮ್ಮ ಹುಡುಗಿಗೆ ಐದನೇ ದಿನ ಫೋನ್ ಬಂತು. ಮ್ಯಾನೇಜರ್ ಒಪ್ಪಿದ್ದಾರೆ, ಆದರೆ ಹಳೆಯ ಮೊದಲ ರೌಂಡ್ ಲೆಕ್ಕಕ್ಕಿಲ್ಲ, ಎಲ್ಲ ಮೊದಲಿನಿಂದ ಎಂದರು. ಎಷ್ಟೋ ಕಡೆ ಹೀಗೇ. ಎರಡನೇ ರೌಂಡ್‌ಗೆ ಬಂದವರಲ್ಲಿ ಒಬ್ಬರು ಸೆಪ್ಟೆಂಬರ್‌ನವರೇ. ಅವರು ಬಟನ್‌ನ ಪ್ರಶ್ನೆ ಮತ್ತೆ ಕೇಳಲಿಲ್ಲ. 320ರಲ್ಲಿ 140 ಮಾತ್ರ ಯಾಕೆ, ಉಳಿದ 180 ಯಾಕೆ ಬಿಟ್ಟಿರಿ ಎಂದು ಕೇಳಿದರು. ಕೋರ್ಸ್ ಮಾತ್ರ ಮಾಡಿದವರು ತೊದಲುವ ಪ್ರಶ್ನೆ ಇದು. ಅವಳ ಬಳಿ ಉತ್ತರ ಇತ್ತು: ಒಟಿಪಿ ಬೇಕಾಗುವ ಹಂತಗಳು, ಪ್ರತಿ ತಿಂಗಳು ವಿನ್ಯಾಸ ಬದಲಾಗುವ ಪುಟಗಳು, ವರ್ಷಕ್ಕೆರಡು ಸಲ ಮಾತ್ರ ಓಡಿಸುವ ಪರೀಕ್ಷೆಗಳು. ಇವನ್ನು ಆಟೊಮೇಟ್ ಮಾಡುವ ಖರ್ಚಿಗೆ ಲಾಭ ಹುಟ್ಟುವುದಿಲ್ಲ.

ಹುದ್ದೆ ಅವಳಿಗೆ ಸಿಗಲಿಲ್ಲ. ಕಂಪನಿಯೊಳಗಿನವರೇ ಒಬ್ಬರು ಆ ತಂಡಕ್ಕೆ ವರ್ಗವಾಗಿ ಬಂದರು; ಹೀಗಾಗುವುದು ಅಪರೂಪವಲ್ಲ, ಹೊರಗಿನವರಿಗೆ ಇದು ಮೊದಲೇ ತಿಳಿಯುವ ದಾರಿಯೂ ಇಲ್ಲ. ಆದರೆ ಫೈಲಿನಲ್ಲಿ ಈಗ ಹೊಸ ಸಾಲು ಇತ್ತು: ಎಲ್ಲ ರೌಂಡ್ ಪಾಸ್, ಹುದ್ದೆ ಒಳಗೇ ತುಂಬಿತು. ಮೂರು ವಾರದ ಮೇಲೆ ಪಕ್ಕದ ತಂಡಕ್ಕೆ ಜನ ಬೇಕಾದಾಗ ರಿಕ್ರೂಟರ್ ತಾವೇ ಫೋನ್ ಮಾಡಿದರು. ಅಲ್ಲಿ ಮ್ಯಾನೇಜರ್ ಜೊತೆ ಒಂದೇ ಮಾತುಕತೆ ಆಯಿತು, ಆಫರ್ ಬಂತು.

ಈ ವಾರವಷ್ಟೇ ರಿಜೆಕ್ಟ್ ಆಗಿ, ಬೇಸರದಲ್ಲಿ ಮೇಲ್ ಅಳಿಸಿದ್ದರೆ ಟ್ರ್ಯಾಶ್ ಫೋಲ್ಡರ್ ತೆಗೆದು ನೋಡಿ. ಜಿಮೇಲ್‌ನಲ್ಲಿ ಅಳಿಸಿದ ಮೇಲ್ 30 ದಿನ ಇರುತ್ತದೆ. ಅದನ್ನು ವಾಪಸ್ ತೆಗೆದು, ಕೇಳಿದ ಪ್ರಶ್ನೆಗಳು ನೆನಪಿರುವಾಗಲೇ ಒಂದು ಕಡೆ ಬರೆದಿಟ್ಟುಕೊಳ್ಳಿ, ಕೂಲಿಂಗ್ ಮುಗಿಯುವ ತಾರೀಖನ್ನು ಫೋನ್‌ನ ಕ್ಯಾಲೆಂಡರ್‌ನಲ್ಲಿ ಹಾಕಿ.